ಅಕೌಂಟ್ ಬಂದ್ ಆತಾ? ಮೊದಲು ಅರ್ಜಿ, ಆಮ್ಯಾಲ ಆಕ್ರೋಶ

ಗಡಿ ತಾಲ್ಲೂಕಿನ ತಮ್ಮಂದಿರೇ, ತಂಗಿಯರೇ, ಒಂದು ಮಾತು ನೇರವಾಗಿ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಮ್ಮಲ್ಲಿ ಯಾರದಾದರೂ ಅಕೌಂಟ್ ಬಂದ್ ಆದ ಕೂಡಲೇ ನಡೆಯೋದು ಇಷ್ಟು: ಸ್ಕ್ರೀನ್‌ಶಾಟ್ ಹತ್ತು ಗ್ರೂಪಿಗೆ ಹೋಗ್ತದ, "ಕನ್ನಡಿಗನ ಅಕೌಂಟ್ ಬಂದ್ ಮಾಡಿದ್ರು, ಎಲ್ಲರೂ ಶೇರ್ ಮಾಡ್ರಿ" ಅಂತ ಬರಹ ಬರ್ತದ, ಅವತ್ತೇ ರಾತ್ರಿ ಅದೇ ಹೆಸರಿನ ಎರಡನೇ ಅಕೌಂಟ್ ತೆರೀತಾರ. ಮೂರು ದಿನ ಗದ್ದಲ. ನಾಲ್ಕನೇ ದಿನಕ್ಕೆ ಎಲ್ಲರೂ ಮರೀತಾರ. ಹಳೇ ಅಕೌಂಟ್ ಮಾತ್ರ ಅಲ್ಲೇ ಬಿದ್ದಿರ್ತದ, ಯಾಕಂದ್ರ ಅದರ ಬಗ್ಗೆ ಒಂದು ನೆಟ್ಟಗಿನ ಅರ್ಜಿ ಯಾರೂ ಬರೆದಿರೋದಿಲ್ಲ.

ಈ ಕ್ರಮ ತಲೆಕೆಳಗಾಗಿದೆ ಅನ್ನೋದು ನನ್ನ ವಾದ. ಮೇಲ್ಮನವಿ ನೋಡುವವರ ಮುಂದೆ ನಮ್ಮ ಗದ್ದಲ ಹೋಗೋದೇ ಇಲ್ಲ. ಅವರ ಮುಂದೆ ಇರೋದು ಒಂದೇ ಪ್ರಶ್ನೆ: ಈ ಖಾತೆ ಈ ನಿಯಮವನ್ನು ಮುರಿದಿದೆಯೋ ಇಲ್ಲವೋ. ಆ ಪ್ರಶ್ನೆಗೆ ಉತ್ತರ ಕೊಡುವ ಪುರಾವೆ ಮಾತ್ರ ಪುರಾವೆ. ಉಳಿದದ್ದು ಎಷ್ಟೇ ಸತ್ಯವಾಗಿದ್ದರೂ, ಎಷ್ಟೇ ಹೊಟ್ಟೆ ಉರಿಸಿದರೂ, ಅಲ್ಲಿ ಬರೀ ಭಾರ.

ಇದನ್ನು ತಿಳಿಯೋಕೆ 2019ರ ಒಂದು ಪ್ರಕರಣ ನೋಡೋಣ. ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಯನ್ನು ಆ ವರ್ಷ ಅಕ್ಟೋಬರ್ ಕೊನೆಗೆ ಅಮಾನತು ಮಾಡಿದರು. ಕಾರಣ, ಅವರು ಖಾತೆಯ ನೆತ್ತಿಯ ಮೇಲೆ ಹಾಕಿಕೊಂಡಿದ್ದ ಒಂದು ಹಳೇ ಕಪ್ಪು ಬಿಳುಪು ಚಿತ್ರ. 1936ರಲ್ಲಿ ಜರ್ಮನಿಯ ಹ್ಯಾಂಬರ್ಗ್‌ನ ಹಡಗುಕಟ್ಟೆಯಲ್ಲಿ ತೆಗೆದದ್ದು. ನೂರಾರು ಕಾರ್ಮಿಕರು ಕೈ ಮುಂದೆ ಚಾಚಿ ನಾಜಿ ಸಲಾಮು ಹೊಡೀತಿದ್ದಾರ, ನಡುವೆ ಒಬ್ಬನೇ ಒಬ್ಬ ಕೈ ಕಟ್ಟಿಕೊಂಡು ಸುಮ್ಮನೆ ನಿಂತಿದ್ದಾನ. ಅವನ ಹೆಸರು ಆಗಸ್ಟ್ ಲ್ಯಾಂಡ್‌ಮೆಸರ್ ಅಂತ ಬಹಳ ಜನ ನಂಬ್ತಾರ. ಜಗತ್ತಿನಾದ್ಯಂತ ಈ ಚಿತ್ರ ನಾಜಿಗಳಿಗೆ ತಲೆಬಾಗದವನ ಗುರುತು. ಟ್ವಿಟರ್‌ನ ನಿಯಮದ ಕಣ್ಣಿಗೆ ಮಾತ್ರ ಅದು ನಾಜಿ ಸಲಾಮಿರುವ ದ್ವೇಷದ ಚಿತ್ರವಾಗಿ ಕಂಡಿತು.

ಮೇಲ್ಮನವಿಯ ನಂತರ ಖಾತೆ ವಾಪಸ್ ಬಂತು. ಆದರೆ ಸ್ವಲ್ಪ ಹೊತ್ತಿಗೇ ಮತ್ತೆ ಬಂದ್. ಈ ಸಲ ಕಾರಣ ಬೇರೆ. 2017ರಲ್ಲಿ ಅವರು ಮರುಹಂಚಿಕೊಂಡಿದ್ದ ಒಂದು ಪೋಸ್ಟು. ಅದರಲ್ಲಿದ್ದದ್ದು ಹಿಂದಿ ಕವಿ ಗೋರಖ್ ಪಾಂಡೆಯ ಒಂದು ಕವಿತೆ. ಅದರ ಶೀರ್ಷಿಕೆಯ ಅರ್ಥ "ಅವನನ್ನು ಗಲ್ಲಿಗೇರಿಸಿ" ಅಂತ. ಇದು ನಮಗೆ ದೂರದ ಕಥೆ ಅಲ್ಲ ನೋಡ್ರಿ. ಆ ಕವಿತೆಯ ಹಿಂದೆ ಇರೋರು ನಮ್ಮ ತೆಲಂಗಾಣದವರೇ, ಆದಿಲಾಬಾದ್ ಕಡೆಯ ರೈತ ಹೋರಾಟದ ಕಿಷ್ಟಗೌಡ ಮತ್ತು ಭೂಮಯ್ಯ. ತುರ್ತು ಪರಿಸ್ಥಿತಿಯ ಕಾಲದಲ್ಲಿ, 1975ರ ಡಿಸೆಂಬರ್‌ನಲ್ಲಿ ಅವರನ್ನು ಗಲ್ಲಿಗೇರಿಸಿದರು. ಕವಿತೆ ಆ ಗಲ್ಲನ್ನು ವಿರೋಧಿಸುವಂಥದ್ದು. ಗಲ್ಲಿಗೇರಿಸಿ ಅನ್ನೋದು ಅದರೊಳಗೆ ಅಧಿಕಾರದಲ್ಲಿರುವವರ ದನಿ, ಕವಿಯ ದನಿ ಅಲ್ಲ. ಪದ ಹಿಡಿದು ನೋಡಿದವರಿಗೆ ಕೊಲ್ಲಲು ಪ್ರಚೋದನೆ ಅಂತ ಕಾಣ್ತು.

ಈಗ ಯೋಚಿಸ್ರಿ. ಮೊದಲನೇ ಆರೋಪಕ್ಕೆ ಉತ್ತರ ಯಾವುದು? ಚಿತ್ರ ಯಾವ ವರ್ಷದ್ದು, ಎಲ್ಲಿಯದು, ಅದರಲ್ಲಿ ಕೈ ಕಟ್ಟಿ ನಿಂತವನು ಯಾಕೆ ಪ್ರಸಿದ್ಧ ಅನ್ನುವ ಮೂರು ಸಾಲು. ಎರಡನೇ ಆರೋಪಕ್ಕೆ? ಕವಿತೆ ಯಾರದು, ಯಾವ ಘಟನೆಯ ಬಗ್ಗೆ, ಒಳಗೆ ಮಾತಾಡ್ತಿರೋರು ಯಾರು ಅನ್ನುವ ಬೇರೆ ಮೂರು ಸಾಲು. ಮೊದಲನೆಯದರ ಪುರಾವೆ ಎರಡನೆಯದಕ್ಕೆ ಕವಡೆ ಕಾಸಿನ ಉಪಯೋಗವಿಲ್ಲ. "ನಾನು ಹಿರಿಯ ವಕೀಲ, ಸಮಾಜದಲ್ಲಿ ಗೌರವ ಇರುವವನು" ಅನ್ನೋದು ಎರಡಕ್ಕೂ ಉಪಯೋಗವಿಲ್ಲ, ನಿಜವಾಗಿದ್ದರೂ. ಹೆಗ್ಡೆ ಅವರು ಲೀಗಲ್ ನೋಟಿಸ್ ಕಳಿಸಿದರು, ಖಾತೆ ವಾಪಸ್ ಕೊಡೋದಿಲ್ಲ ಅಂತ ಕಂಪನಿ ನವೆಂಬರ್‌ನಲ್ಲಿ ತಿಳಿಸಿತು, ಡಿಸೆಂಬರ್‌ನಲ್ಲಿ ಅವರು ದೆಹಲಿ ಹೈಕೋರ್ಟಿಗೆ ಹೋದರು. ಆಗ ಕಂಪನಿಗೂ ಹೈಕೋರ್ಟಿಗೂ ನಡುವೆ ಬೇರೆ ಬಾಗಿಲೇ ಇರಲಿಲ್ಲ. ಈಗ ಅದ. ಅದರ ಮಾತು ಆಮೇಲೆ.

ಹೆಗ್ಡೆ ಅವರದ್ದು ಅರ್ಥದ ಜಗಳ. ನಮ್ಮ ಹುಡುಗ್ರಿಗೆ ಹೆಚ್ಚು ಕಾಡೋದು ಗುರುತಿನ ಜಗಳ, ಅದಕ್ಕೆ ಗಡಿಯೇ ಕಾರಣ. ರಾಜೋಳಿಯನ್ನೇ ತಗೊಳ್ರಿ. ಗದ್ವಾಲ ಕಡೆಯ ಊರು, ತುಂಗಭದ್ರೆಯ ದಂಡೆ, ಹೊಳೆ ದಾಟಿದರೆ ಕರ್ನೂಲು. ಗದ್ವಾಲ ಸೀರೆ ನೇಯುವ ಮಗ್ಗಗಳ ಊರು. ಅಲ್ಲಿನ ಒಬ್ಬ ನೇಕಾರ ಹುಡುಗ ಅಂತ ಇಟ್ಕೊಳ್ಳೋಣ. ಇದು ಲೆಕ್ಕಕ್ಕೆ ಮಾಡಿಕೊಂಡ ಉದಾಹರಣೆ, ಯಾರನ್ನೂ ಹುಡುಕೋಕೆ ಹೋಗಬ್ಯಾಡ್ರಿ. ಮನೆಯಲ್ಲಿ, ಓಣಿಯಲ್ಲಿ ಎಲ್ಲರೂ ಅವನನ್ನು ಕರೆಯೋದು ಈರಣ್ಣ ಅಂತ. ಅಕೌಂಟಿನ ಹೆಸರು ಕನ್ನಡ ಲಿಪಿಯಲ್ಲಿ "ಈರಣ್ಣ ರಾಜೋಳಿ". ಆಧಾರ್ ಮಾತ್ರ ತೆಲಂಗಾಣದ್ದು, ಅದರಲ್ಲಿ ತೆಲುಗು ಮತ್ತು ಇಂಗ್ಲಿಷ್. ಅಲ್ಲಿ ಅವನು M Veeranna. ಮನೆತನದ ಹೆಸರಿನ ಒಂದಕ್ಷರ ಮುಂದೆ, ಈರಣ್ಣ ಹೋಗಿ ವೀರಣ್ಣ, ಊರಿನ ಹೆಸರು ಮಾಯ. ನಮಗೆ ಇಬ್ಬರೂ ಒಬ್ಬನೇ ಅಂತ ಒಂದು ಕ್ಷಣಕ್ಕೆ ಗೊತ್ತಾಗ್ತದ. ದೂರದಲ್ಲಿ ಕುಂತು ಕಾರ್ಡು ನೋಡುವವನಿಗೆ ಹೆಂಗ ಗೊತ್ತಾಗಬೇಕು?

ಅವನು ತಾನು ನೇಯ್ದ ಸೀರೆಗಳ ಫೋಟೋ ಹಾಕಿ ಮಾರ್ತಾನ. ಹೊರಗಿನ ಒಬ್ಬ ವ್ಯಾಪಾರಿ ಆ ಫೋಟೋಗಳನ್ನೇ ಇಳಿಸಿಕೊಂಡು ತನ್ನ ಪೇಜಿನಲ್ಲಿ ಹಾಕಿಕೊಂಡ. ಅಷ್ಟಕ್ಕೇ ನಿಲ್ಲದೆ, "ಈ ಈರಣ್ಣ ನಮ್ಮ ಅಂಗಡಿಯ ಸೋಗು ಹಾಕಿದ್ದಾನೆ" ಅಂತ ರಿಪೋರ್ಟ್ ಹೊಡೆದ. ಜೂನ್ 3ರ ಬೆಳಗ್ಗೆ ಅಕೌಂಟ್ ಬಂದ್.

ಮೊದಲ ಕೆಲಸ ಸಿಟ್ಟು ಅಲ್ಲ, ದಾಖಲೆ. ಬಂದ್ ಆದ ಪರದೆಯಲ್ಲಿ ಏನು ಬರೆದಿದೆಯೋ ಅದನ್ನು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಸ್ಕ್ರೀನ್‌ಶಾಟ್ ತೆಗೆಯಬೇಕು. ಬಂದ ಇಮೇಲ್ ಅಳಿಸಬಾರದು. ಅದರಲ್ಲಿ ರೆಫರೆನ್ಸ್ ನಂಬರ್ ಇದ್ದರೆ ಒಂದು ಕಾಗದದ ಮೇಲೆ ದಿನಾಂಕದ ಜೊತೆ ಬರೆದಿಟ್ಟುಕೊಳ್ಳಬೇಕು. ಅದೇ ಪರದೆಯಲ್ಲಿ ನಿಮ್ಮ ಮಾಹಿತಿ ಇಳಿಸಿಕೊಳ್ಳುವ ಬಟನ್ ಇದ್ದರೆ ಅವತ್ತೇ ಒತ್ತಬೇಕು. ಅರ್ಜಿ ತಿರಸ್ಕಾರವಾದರೆ ಆ ಬಟನ್ನೂ ಹೋಗಬಹುದು, ಹಳೇ ಪೋಸ್ಟುಗಳ ತಾರೀಖು ಅದರೊಳಗೇ ಇರ್ತದ.

ಎರಡನೇ ಅಕೌಂಟ್ ತೆರೆಯೋದು ಬ್ಯಾಡವೇ ಬ್ಯಾಡ. ಸೋಗಿನ ಆರೋಪ ಇರುವವನು ಅದೇ ಹೆಸರಿನಲ್ಲಿ ಇನ್ನೊಂದು ಖಾತೆ ಶುರು ಮಾಡಿದರೆ, ಅಮಾನತನ್ನು ತಪ್ಪಿಸಿಕೊಳ್ಳೋಕೆ ಬಂದ ಅಂತ ಅದೇ ಹೊಸ ಅಪರಾಧ ಆಗ್ತದ. ಮೊದಲನೆಯದು ತಪ್ಪಾಗಿ ಬಂದ್ ಆಗಿತ್ತು, ಎರಡನೆಯದು ಸರಿಯಾಗೇ ಬಂದ್ ಆಗ್ತದ.

ಆಮೇಲೆ ನಿಯಮ ಓದಬೇಕು. ನಮ್ಮವರು ತಪ್ಪದೇ ಬಿಡುವ ಹೆಜ್ಜೆ ಇದೇ. ಸೋಗಿನ ನಿಯಮ ಕೇಳೋದು ಒಂದು ವಿಷಯ: ನೀನು ಬೇರೆ ಯಾರೋ ಅಂತ ಜನರನ್ನು ನಂಬಿಸೋಕೆ ಹೊರಟಿದ್ದೀಯಾ? ಇದನ್ನು ಬಿಡಿಸಿದರೆ ಈರಣ್ಣನ ಮುಂದೆ ಮೂರು ಪ್ರಶ್ನೆ ನಿಲ್ತವೆ. ನೀನು ನೀನೇನಾ? ಫೋಟೋ ನಿನ್ನವೇನಾ? ಯಾರು ಮೊದಲು? ಪುರಾವೆಗಳನ್ನು ಈ ಮೂರು ಗೂಟಕ್ಕೆ ಕಟ್ಟಬೇಕು. ಯಾವ ಗೂಟಕ್ಕೂ ಕಟ್ಟಲಾಗದ ಕಾಗದ ಮನೆಯಲ್ಲೇ ಇರಲಿ.

ನೀನು ನೀನೇನಾ ಅನ್ನೋದಕ್ಕೆ ಗುರುತಿನ ಚೀಟಿ. ಇಲ್ಲಿ ಎಲ್ಲರೂ ಆಧಾರ್‌ಗೆ ಕೈ ಹಾಕ್ತಾರ, ಯಾಕಂದ್ರ ಅದು ದೊಡ್ಡದು ಅಂತ. ದೊಡ್ಡದು ಬೇಕಾಗಿಲ್ಲ, ಅಕೌಂಟಿನ ಹೆಸರಿಗೆ ಹತ್ತಿರ ಇರೋದು ಬೇಕು. ಮನೆಯಲ್ಲಿರುವ ಎಲ್ಲ ಚೀಟಿ ಒಂದು ಚಾಪೆ ಮೇಲೆ ಹರವಿ ನೋಡ್ರಿ: ಆಧಾರ್, ವೋಟರ್ ಕಾರ್ಡ್, ಪ್ಯಾನ್, ಲೈಸೆನ್ಸ್, ಹತ್ತನೇ ಕ್ಲಾಸಿನ ಮೆಮೊ, ನೇಕಾರರ ಗುರುತಿನ ಚೀಟಿ. ಒಂದರಲ್ಲಿ Veeranna, ಇನ್ನೊಂದರಲ್ಲಿ Eranna ಅಂತ ಇರೋದು ನಮ್ಮ ಕಡೆ ಮಾಮೂಲು. Eranna ಅಂತ ಇರೋದೇ ಇಲ್ಲಿ ಬಂಗಾರ. ಫೋಟೋ ಇಲ್ಲವೇ ಹುಟ್ಟಿದ ತಾರೀಖು ಇದ್ದರೆ ಅದನ್ನೇ ಮುಂದೆ ಇಡಬೇಕು. ಹಂಗ ಯಾವುದೂ ಇಲ್ಲದಿದ್ದರೆ ಸಿಕ್ಕ ಚೀಟಿಯ ಜೊತೆ ವ್ಯತ್ಯಾಸವನ್ನು ನಾವೇ ಒಂದು ವಾಕ್ಯದಲ್ಲಿ ಹೇಳಿಬಿಡಬೇಕು: ವೀರಣ್ಣ ಮತ್ತು ಈರಣ್ಣ ಒಂದೇ ಹೆಸರಿನ ಎರಡು ರೂಪ, ರಾಜೋಳಿ ನನ್ನ ಊರು, M ನನ್ನ ಮನೆತನದ ಹೆಸರು. ಅವರೇ ಕಂಡುಹಿಡೀಲಿ ಅಂತ ಬಿಟ್ಟರೆ ಅವರು ಕಂಡುಹಿಡಿಯೋದು ಹೊಂದಿಕೆ ಇಲ್ಲ ಅನ್ನೋದನ್ನು ಮಾತ್ರ.

ಆಧಾರ್ ಕೊಡಲೇಬೇಕಾದರೆ ಮಾಸ್ಕ್ಡ್ ಆಧಾರ್ ಕೊಡ್ರಿ. ಆಧಾರ್ ಪ್ರಾಧಿಕಾರದ ವೆಬ್‌ಸೈಟಿನಲ್ಲೇ ಸಿಗ್ತದ, ಅದರಲ್ಲಿ ಮೊದಲ 8 ಅಂಕಿ ಮುಚ್ಚಿ ಕೊನೆಯ 4 ಮಾತ್ರ ಕಾಣ್ತವೆ. ಬೇರೆ ಕಾರ್ಡಿನ ನಂಬರ್ ಮುಚ್ಚಬೇಕು ಅನಿಸಿದರೆ ಕಾಗದದ ಪಟ್ಟಿ ಇಟ್ಟು ಮುಚ್ಚಿ ಫೋಟೋ ತೆಗೀರಿ, ಆ್ಯಪಿನಲ್ಲಿ ಕಪ್ಪು ಬಳೀಬ್ಯಾಡ್ರಿ. ತಿದ್ದಿದ ಫೈಲು ಅನ್ನೋ ಅನುಮಾನವನ್ನು ನಾವೇ ಹುಟ್ಟಿಸಬಾರದು. ಕಾರ್ಡಿನ ನಾಲ್ಕೂ ಮೂಲೆ ಕಾಣಬೇಕು, ಹೆಸರು ಓದೋಕೆ ಬರಬೇಕು. ಲ್ಯಾಮಿನೇಷನ್ ಮೇಲೆ ಫ್ಲ್ಯಾಶ್ ಬಿದ್ದು ಹೆಸರಿನ ಮೇಲೆ ಬಿಳೀ ಚುಕ್ಕಿ ಕುಂತರೆ ಆ ಫೋಟೋ ಹೋದಂಗೇ. ಹೊರಗೆ ಕಟ್ಟೆ ಮೇಲೆ, ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ ತೆಗೆದರೆ ಚೊಲೋ ಬರ್ತದ.

ಫೋಟೋ ನಿನ್ನವೇನಾ ಅನ್ನೋದು ಹೆಚ್ಚು ಸ್ವಾರಸ್ಯದ ಪ್ರಶ್ನೆ. ಇಲ್ಲಿ ಈರಣ್ಣನ ಹತ್ತಿರ ವ್ಯಾಪಾರಿಯ ಹತ್ತಿರ ಇಲ್ಲದ ಎರಡು ವಸ್ತು ಅವ. ಒಂದು, ಮೂಲ ಫೈಲು. ಫೋನಿನ ಗ್ಯಾಲರಿಯಲ್ಲಿ ವಿವರ ತೆರೆದರೆ ಯಾವ ದಿನ, ಎಷ್ಟು ಗಂಟೆಗೆ, ಯಾವ ಫೋನಿನಲ್ಲಿ ತೆಗೆದದ್ದು ಅಂತ ಬರ್ತದ. ಅಗಲ 4000 ಪಿಕ್ಸೆಲ್ ಇದ್ದ ಚಿತ್ರ ಇನ್‌ಸ್ಟಾಗ್ರಾಂನಿಂದ ಇಳಿಸಿಕೊಂಡರೆ ಸಾಮಾನ್ಯವಾಗಿ 1080ಕ್ಕೆ ಇಳಿದಿರ್ತದ. ವ್ಯಾಪಾರಿಯ ಹತ್ತಿರ ಇರೋದು ಆ ಸಣ್ಣದು. ಆದರೆ ಒಂದು ಎಚ್ಚರ: ಅದೇ ಮೂಲ ಫೈಲನ್ನು ವಾಟ್ಸಾಪಿನಲ್ಲಿ ಫೋಟೋ ಅಂತ ಗೆಳೆಯನಿಗೆ ಕಳಿಸಿ, ಅಲ್ಲಿಂದ ಕಂಪ್ಯೂಟರಿಗೆ ಹಾಕಿದರೆ ತಾರೀಖು, ಫೋನಿನ ಹೆಸರು ಎಲ್ಲ ಉದುರಿ ಹೋಗ್ತವೆ, ಸೈಜೂ ಕುಗ್ಗುತ್ತದ. ಆಗ ನಿಮ್ಮ ಕೈಯಲ್ಲಿರೋದಕ್ಕೂ ಕಳ್ಳನ ಕೈಯಲ್ಲಿರೋದಕ್ಕೂ ವ್ಯತ್ಯಾಸ ಇರೋದಿಲ್ಲ. ಕೇಬಲ್ ಹಾಕಿ ತೆಗೀರಿ, ಇಲ್ಲವೇ ಡಾಕ್ಯುಮೆಂಟ್ ಅಂತ ಕಳಿಸ್ರಿ.

ಎರಡನೆಯದು ಮಗ್ಗ. ಫೈಲಿನೊಳಗಿನ ತಾರೀಖು ತಿದ್ದೋಕೆ ಬರ್ತದ, ಹಂಗಾಗಿ ಅದೊಂದರ ಮೇಲೆ ನಿಲ್ಲಬಾರದು. ಆದರೆ ಅರ್ಧ ನೇಯ್ದ ಸೀರೆಯನ್ನು ಯಾರು ತಿದ್ದಿ ತೋರಿಸ್ತಾರ? ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಸೆರಗಿನ ಎಳೆಯನ್ನು ಒಡಲಿನ ಎಳೆಗೆ ಜೋಡಿಸುವ ಜಾಗ ಮಗ್ಗದ ಮೇಲೆ ಇರುವಾಗಲೇ ಸ್ಪಷ್ಟವಾಗಿ ಕಾಣೋದು. ಅದೇ ಬಣ್ಣ, ಅದೇ ಅಂಚಿನ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತ ಒಂದು ಫೋಟೋ, ಆ ಜೋಡಣೆಯ ಒಂದು ಫೋಟೋ, ಮುಗಿದ ಮೇಲೆ ಮಡಿಚಿಟ್ಟ ಒಂದು ಫೋಟೋ. ಮೂರು ಸಾಕು. ವ್ಯಾಪಾರಿಯ ಹತ್ತಿರ ಮೂರನೆಯದು ಮಾತ್ರ ಇರೋದಕ್ಕೆ ಸಾಧ್ಯ. ಮೂವತ್ತು ಫೋಟೋ ಕಳಿಸಿದರೆ ಈ ಮೂರು ಅದರೊಳಗೆ ಹೂತು ಹೋಗ್ತವೆ. ನೋಡುವವನಿಗೆ ಸೀರೆ ಗೊತ್ತಿಲ್ಲ, ಹಂಗಾಗಿ ಪ್ರತಿ ಫೋಟೋದ ಕೆಳಗೆ ಏನು ನೋಡಬೇಕು ಅಂತ ಒಂದು ಸಾಲು ಬರೀಬೇಕು.

ಯಾರು ಮೊದಲು ಅನ್ನೋದಕ್ಕೆ ಸ್ಕ್ರೀನ್‌ಶಾಟಿಗಿಂತ ಲಿಂಕ್ ಗಟ್ಟಿ. ಸ್ಕ್ರೀನ್‌ಶಾಟ್ ಯಾರಾದರೂ ಮಾಡಬಹುದು, ಲಿಂಕಿನ ಹಿಂದಿನ ತಾರೀಖು ಕಂಪನಿಯ ಸ್ವಂತ ದಾಖಲೆಯಲ್ಲಿ ಅದ. ಈರಣ್ಣ ಆ ಸೀರೆ ಹಾಕಿದ ಪೋಸ್ಟಿನ ಲಿಂಕು, ವ್ಯಾಪಾರಿ ಅದೇ ಫೋಟೋ ಹಾಕಿದ ಪೋಸ್ಟಿನ ಲಿಂಕು, ಎರಡರ ತಾರೀಖು, ಅಷ್ಟೇ. ತನ್ನ ಪೋಸ್ಟಿನ ಲಿಂಕು ಈಗ ತೆರೆಯೋದಿಲ್ಲ, ಆದರೆ ಗಿರಾಕಿಗೆ ಕಳಿಸಿದ ಹಳೇ ಮೆಸೇಜಿನಲ್ಲಿ ಆ ವಿಳಾಸ ಸಿಗ್ತದ. ಎದುರಿನ ಪೇಜು ಯಾವಾಗ ಶುರುವಾಯಿತು ಅನ್ನೋದು ಫೇಸ್‌ಬುಕ್ ಪೇಜಿನಲ್ಲೂ ಇನ್‌ಸ್ಟಾಗ್ರಾಂನಲ್ಲೂ ಆ ಪೇಜಿನ ಬಗೆಗಿನ ಮಾಹಿತಿಯಲ್ಲೇ ಕಾಣ್ತದ. ಅದು ಈರಣ್ಣನ ಖಾತೆಗಿಂತ ಹೊಸದಾಗಿದ್ದರೆ ಒಂದೇ ಸಾಲಿನಲ್ಲಿ ಕೆಲಸ ಮುಗೀತು.

ಈಗ ಬಿಡಬೇಕಾದದ್ದು. ಗಿರಾಕಿಗಳ ಜೊತೆಗಿನ ಚಾಟು, ಫೋನ್‌ಪೇ ರಸೀದಿ ಹಾಕಬ್ಯಾಡ್ರಿ, ಅದರಲ್ಲಿ ಅವರ ನಂಬರ್, ಹೆಸರು ಇರ್ತವೆ, ಅವರನ್ನು ಕೇಳದೆ ಹಂಚೋದು ಇನ್ನೊಂದು ತಪ್ಪು. ಎಷ್ಟು ಸಾವಿರ ಫಾಲೋವರ್ ಅನ್ನೋದು ಬ್ಯಾಡ, ಸೋಗು ಹಾಕುವವನಿಗೂ ಫಾಲೋವರ್ ಇರ್ತಾರ. ಸರಪಂಚರ ಪತ್ರ, ಸಂಘದ ಲೆಟರ್‌ಹೆಡ್ಡು ಬ್ಯಾಡ. ವ್ಯಾಪಾರಿಯನ್ನು ಕಳ್ಳ, ಲಫಂಗ ಅಂತ ಬೈಯೋದು ಬ್ಯಾಡ. ಅವನ ಮೇಲಿನ ದೂರನ್ನು ಫೋಟೋ ಕದ್ದ ಬಗ್ಗೆ ಬೇರೆಯಾಗೇ ಹಾಕಬೇಕು. ಎರಡು ಜಗಳ ಒಂದೇ ಕಾಗದದಲ್ಲಿ ಹೋದರೆ ಓದುವವನು ಎರಡನ್ನೂ ಬಿಡ್ತಾನ.

ಇಲ್ಲಿಗೆ ಬಂದಾಗ ನಮ್ಮ ಗೆಳೆಯರು ಕೇಳ್ತಾರ: ಹಂಗಾದ್ರ ಕನ್ನಡದ ಮಾತು ಎತ್ತಲೇಬಾರದಾ? ಗಡಿ ಕನ್ನಡಿಗ ಅಂತ ಹೇಳಿಕೊಳ್ಳಬಾರದಾ? ನನ್ನ ಉತ್ತರ: ಭಾಷೆಯೇ ಕಾರಣವಾಗಿದ್ದಲ್ಲಿ ಭಾಷೆಯೇ ಪುರಾವೆ, ಇಲ್ಲದಲ್ಲಿ ಅದು ಸಡಗರ. ಈರಣ್ಣನ ಅರ್ಜಿಯಲ್ಲಿ ಕನ್ನಡ ಬರೋದು ಒಂದೇ ಕಡೆ, ಅವನ ಹೆಸರಿನ ಎರಡು ರೂಪ ವಿವರಿಸುವಾಗ. ಅಲ್ಲಿ ಅದು ಬೇಕೇ ಬೇಕು. ಇನ್ನೊಂದು ಬಗೆ ನೋಡ್ರಿ. ಮೊಹರಂ ಹೊತ್ತಿಗೆ ಯಾರಾದರೂ "ಬರ್ರೋ, ಇವತ್ತು ರಾತ್ರಿ ಹೊಡಿಯೋಣ" ಅಂತ ಹಲಗಿಯ ಫೋಟೋ ಜೊತೆ ಹಾಕಿದರು, ಹಿಂಸೆಗೆ ಕರೆ ಅಂತ ಬಂದ್ ಆಯಿತು ಅಂದರೆ, ಆಗ ಅರ್ಜಿಯ ತುಂಬ ಭಾಷೆಯೇ ಇರಬೇಕು. ನಮ್ಮಲ್ಲಿ ಹಲಗಿ ಬಾರಿಸೋದಕ್ಕೆ ಹೊಡಿಯೋದು ಅಂತೀವಿ, ಫೋಟೋದಲ್ಲಿರೋದು ಹಲಗಿ, ಅವತ್ತು ಅಲಾಯಿ ಕುಣಿತದ ದಿನ. ಮೂಲ ವಾಕ್ಯ ಹಂಗೇ ಕನ್ನಡದಲ್ಲಿ, ಕೆಳಗೆ ಪದಕ್ಕೆ ಪದ ಅರ್ಥ, ಅದರ ಕೆಳಗೆ ನಮ್ಮ ಕಡೆ ಅದನ್ನು ಹೆಂಗ ಬಳಸ್ತೀವಿ ಅನ್ನೋದು. ಹೆಗ್ಡೆ ಅವರ ಕವಿತೆಗೆ ಬೇಕಾಗಿದ್ದ ಮೂರು ಸಾಲಿನ ಹಾಗೇ ಇದು.

ಕನ್ನಡದ ಖಾತೆಗಳಿಗೆ ಅನ್ಯಾಯ ಆಗ್ತದ ಅನ್ನೋ ದೊಡ್ಡ ವಾದ ಇದ್ದರೆ ಅದಕ್ಕೆ ಬೇರೆ ಕಡತ ಮಾಡೋಣ. ಯಾರದು, ಯಾವ ದಿನ, ಯಾವ ನಿಯಮ, ಯಾವ ಪದ, ಏನಾಯಿತು ಅಂತ ಒಂದೊಂದೇ ಬರೆದಿಡೋಣ. ಅದನ್ನು ಈರಣ್ಣನ ಹೆಗಲ ಮೇಲೆ ಹೊರಿಸಬಾರದು, ಅವನಿಗೆ ಶ್ರಾವಣದೊಳಗೆ ಸೀರೆ ಮಾರಬೇಕಾಗಿದೆ.

ಈರಣ್ಣನ ಅರ್ಜಿ ಹಿಂಗ ಇರಬೇಕು ಅಂತ ನನ್ನ ಅಭಿಪ್ರಾಯ:

"ನನ್ನ ಖಾತೆಯನ್ನು ಜೂನ್ 3ರಂದು ಸೋಗಿನ ನಿಯಮದಡಿ ಅಮಾನತು ಮಾಡಲಾಗಿದೆ. ನಾನು ಯಾರ ಸೋಗೂ ಹಾಕಿಲ್ಲ. ಖಾತೆಯಲ್ಲಿರುವ ಈರಣ್ಣ ರಾಜೋಳಿ ಎಂಬುದು ನನ್ನ ಹೆಸರು ಮತ್ತು ನನ್ನ ಊರು. ಲಗತ್ತಿಸಿದ ಗುರುತಿನ ಚೀಟಿಯಲ್ಲಿ M Veeranna ಎಂದಿದೆ. ವೀರಣ್ಣ ಎಂಬುದರ ಕನ್ನಡದ ಆಡುರೂಪ ಈರಣ್ಣ. ಖಾತೆಯಲ್ಲಿರುವ ಸೀರೆಗಳನ್ನು ನಾನೇ ನೇಯ್ದು ನಾನೇ ಫೋಟೋ ತೆಗೆದಿದ್ದೇನೆ; ಒಂದು ಸೀರೆ ಮಗ್ಗದ ಮೇಲೆ ಇರುವಾಗಿನಿಂದ ಮುಗಿಯುವವರೆಗಿನ ಮೂರು ಮೂಲ ಫೋಟೋ ಲಗತ್ತಿಸಿದ್ದೇನೆ. ಇದೇ ಸೀರೆಯ ಫೋಟೋ ಬೇರೊಂದು ಪೇಜಿನಲ್ಲಿ ನನ್ನ ಪೋಸ್ಟಿನ ನಂತರ ಬಂದಿದೆ. ಎರಡರ ಲಿಂಕ್ ಮತ್ತು ದಿನಾಂಕ ಕೆಳಗಿವೆ. ಅಮಾನತು ತೆಗೆದು ಖಾತೆಯನ್ನು ಮರಳಿ ಕೊಡಿ. ತೆಗೆಯದಿದ್ದರೆ ಯಾವ ಪೋಸ್ಟು ನಿಯಮ ಮುರಿದಿದೆ ಎಂದು ತಿಳಿಸಿ."

ಇಷ್ಟೇ. ಏನಾಯಿತು, ಯಾಕೆ ತಪ್ಪು, ಪುರಾವೆ ಎಲ್ಲಿದೆ, ಏನು ಬೇಕು. ಕೊನೆಯ ವಾಕ್ಯ ಬಿಡಬ್ಯಾಡ್ರಿ. ಮುಂದಿನ ಮೆಟ್ಟಿಲಿಗೆ ಹೋಗುವಾಗ "ಕೇಳಿದೆ, ಹೇಳಲಿಲ್ಲ" ಅನ್ನೋಕೆ ಅದೇ ಆಧಾರ. ಕನ್ನಡದಲ್ಲಿ ಬರೆದು ಕೆಳಗೆ ಅದನ್ನೇ ಸರಳ ಇಂಗ್ಲಿಷಿನಲ್ಲಿ ಹಾಕ್ರಿ. ಇದರಲ್ಲಿ ಸೋಲೇನಿಲ್ಲ. ನಮ್ಮ ಕಾಗದ ಓದೋಕೆ ಬಾರದವನ ಕೈಗೆ ಬಿದ್ದರೆ ನಷ್ಟ ನಮಗೇ.

ಎಲ್ಲಿ ಕಳಿಸಬೇಕು? ಮೊದಲು ಪರದೆಯಲ್ಲಿರುವ ಮೇಲ್ಮನವಿ ಬಟನ್. ಬಹಳ ಸಲ ಅಲ್ಲಿ ಬರೆಯೋಕೆ ಜಾಗವೇ ಇರೋದಿಲ್ಲ, ಬರೀ ಒತ್ತೋದು, ಕಾರ್ಡು ಹಾಕೋದು. ಹಾಕುವ ಅವಕಾಶ ಒಂದೇ ಸಲ ಸಿಗಬಹುದು, ಹಂಗಾಗಿ ಕಾರ್ಡಿನ ಫೋಟೋ ಸಿದ್ಧ ಮಾಡಿಕೊಂಡೇ ಒತ್ತಬೇಕು. ಅಮಾನತನ್ನು ಒಪ್ಪೋದಿಲ್ಲ ಅಂತ ಹೇಳೋಕೆ ಫೇಸ್‌ಬುಕ್ 180 ದಿನ ಕೊಡ್ತದ. ಜೂನ್ 3ರಿಂದ ಲೆಕ್ಕ ಹಾಕಿದರೆ ನವೆಂಬರ್ 30. ಅದು ದಾಟಿದರೆ ಆ ಬಾಗಿಲು ಮುಚ್ಚಿತು.

ಬರೆದ ಅರ್ಜಿ ಹೋಗಬೇಕಾದದ್ದು ಕಂಪನಿಯ ಕುಂದುಕೊರತೆ ಅಧಿಕಾರಿಗೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ವೇದಿಕೆಯೂ ಆ ಅಧಿಕಾರಿಯ ಹೆಸರು, ಸಂಪರ್ಕ ತನ್ನ ವೆಬ್‌ಸೈಟಿನಲ್ಲಿ ಹಾಕಿರಬೇಕು. ದೂರು ಬಂದದ್ದಕ್ಕೆ 24 ಗಂಟೆಯೊಳಗೆ ಸ್ವೀಕೃತಿ, 7 ದಿನದೊಳಗೆ ತೀರ್ಮಾನ. ಈರಣ್ಣ ಜೂನ್ 5ಕ್ಕೆ ಕಳಿಸಿದರೆ 6ರೊಳಗೆ ಸ್ವೀಕೃತಿ ಬರಬೇಕು, 12ರೊಳಗೆ ಉತ್ತರ. ಸ್ವೀಕೃತಿಯ ಇಮೇಲ್ ಜೋಪಾನ, ಮುಂದೆ ಹೋಗುವಾಗ ಕೇಳೋದು ಅದನ್ನೇ.

ಹೆಗ್ಡೆ ಅವರಿಗೆ ಇರಲಿಲ್ಲ ಅಂದೆನಲ್ಲ, ಆ ನಡುವಿನ ಬಾಗಿಲು ಇದರ ಮುಂದಿನದು. 2022ರ ಅಕ್ಟೋಬರ್‌ನಲ್ಲಿ ನಿಯಮ ತಿದ್ದಿ ಕುಂದುಕೊರತೆ ಮೇಲ್ಮನವಿ ಸಮಿತಿ ಅಂತ ಮಾಡಿದರು. ಕೇಂದ್ರ ಸರ್ಕಾರ ನೇಮಿಸುವ ಸಮಿತಿಗಳಿವು, 2023ರ ಮಾರ್ಚ್‌ನಿಂದ gac.gov.in ನಲ್ಲಿ ಅರ್ಜಿ ತಗೋತಾವ. ಎಲ್ಲ ಆನ್‌ಲೈನ್, ಹೈದರಾಬಾದಿಗೂ ದೆಹಲಿಗೂ ಓಡಾಡಬೇಕಿಲ್ಲ. ಅಧಿಕಾರಿಯ ಉತ್ತರ ಬಂದ 30 ದಿನದೊಳಗೆ ಹೋಗಬೇಕು. ಜೂನ್ 11ಕ್ಕೆ "ಆಗೋದಿಲ್ಲ" ಅಂತ ಬಂದರೆ ಜುಲೈ 11 ಕೊನೆ. ಉತ್ತರವೇ ಬರದೆ 7 ದಿನ ಕಳೆದರೂ ಹೋಗಬಹುದು. ಸಮಿತಿ 30 ದಿನದಲ್ಲಿ ಮುಗಿಸೋಕೆ ಪ್ರಯತ್ನ ಮಾಡಬೇಕು ಅಂತ ನಿಯಮ ಹೇಳ್ತದ. ಆದರೆ ಅಧಿಕಾರಿಯನ್ನು ಬಿಟ್ಟು ನೇರ ಇಲ್ಲಿಗೆ ಬರೋಕೆ ಆಗೋದಿಲ್ಲ. ನಮ್ಮವರಲ್ಲಿ ಎಷ್ಟೋ ಜನ ಟ್ವೀಟು ಹಾಕಿ, ಮಂತ್ರಿಗೆ ಟ್ಯಾಗ್ ಮಾಡಿ, ಈ ನಡುವಿನ ಮೆಟ್ಟಿಲನ್ನೇ ಹತ್ತಿರೋದಿಲ್ಲ.

ಸಮಿತಿಗೆ ಹೋಗುವಾಗ ಹೊಸ ಪುರಾಣ ಬರೆಯಬ್ಯಾಡ್ರಿ. ಅದೇ ಅರ್ಜಿ, ಅದೇ ಪುರಾವೆ, ಜೊತೆಗೆ ಅಧಿಕಾರಿ ಕೊಟ್ಟ ಉತ್ತರ ಮತ್ತು ಆ ಉತ್ತರದಲ್ಲಿ ಯಾವ ಪುರಾವೆಯ ಮಾತೇ ಬಂದಿಲ್ಲ ಅನ್ನುವ ಒಂದು ಸಾಲು. "ನಮ್ಮ ನಿಯಮಗಳಿಗೆ ವಿರುದ್ಧವಾಗಿದೆ" ಅಂತ ಮಾತ್ರ ಬಂದಿದ್ದರೆ ಮಗ್ಗದ ಫೋಟೋ ಯಾರೂ ನೋಡಿಲ್ಲ ಅಂತ ಅರ್ಥ, ಅದನ್ನೇ ಹೇಳ್ರಿ. ನಡುವೆ "ಎರಡು ಸಾವಿರ ಕೊಡಿ, ಒಳಗಿನವರು ಗೊತ್ತು, ಅಕೌಂಟ್ ಬಿಡಿಸಿಕೊಡ್ತೀವಿ" ಅಂತ ಮೆಸೇಜು ಬಂದೇ ಬರ್ತವೆ, ಬಂದ್ ಆದ ಸುದ್ದಿ ಹತ್ತು ಗ್ರೂಪಿಗೆ ಹೋದಷ್ಟೂ ಬೇಗ. ಅವರಿಗೆ ಓಟಿಪಿ ಕೊಟ್ಟರೆ ವಾಪಸ್ ಬರಬಹುದಾಗಿದ್ದ ಅಕೌಂಟೂ ಹೋಗ್ತದ. ಹಣ ಹೋಗಿದ್ದರೆ 1930ಕ್ಕೆ ಕೂಡಲೇ ಫೋನ್ ಹೊಡೀರಿ.

ವಾಪಸ್ ಬಂತು ಅಂತಿಟ್ಟುಕೊಳ್ರಿ. ಅವತ್ತೇ ಮೂರು ಕೆಲಸ ಮಾಡಬೇಕು. ತಪ್ಪಾಗಿ ಬಂದ್ ಮಾಡಿದ್ವಿ ಅಂತ ಅವರು ಕಳಿಸಿದ ಇಮೇಲನ್ನು ತೆಗೆದಿಡಬೇಕು, ವ್ಯಾಪಾರಿ ಮತ್ತೆ ರಿಪೋರ್ಟ್ ಹೊಡೆದರೆ ಮೊದಲ ಪುರಾವೆ ಅದೇ. ಮಾಹಿತಿಯ ಪ್ರತಿ ಇಳಿಸಿಕೊಳ್ಳಬೇಕು. ಮೂರನೆಯದು, ಕುಂತು ಹಳೇ ಪೋಸ್ಟು ನೋಡಬೇಕು. ಅಳಿಸೋಕೆ ಅಲ್ಲ. ಹೆಗ್ಡೆ ಅವರಿಗೆ ಎರಡು ವರ್ಷ ಹಿಂದಿನ ಕವಿತೆ ಎದ್ದು ಬಂದ ಹಾಗೆ ಯಾವುದು ಏಳಬಹುದು ಅಂತ ತಿಳಿದಿರಲಿಕ್ಕೆ. ಹೊರಗಿನವರಿಗೆ ತಪ್ಪಾಗಿ ಕಾಣಬಹುದಾದ ಪೋಸ್ಟಿನಲ್ಲಿ ಅದು ಏನು, ಯಾವ ಹಬ್ಬದ್ದು, ಯಾರ ಹಾಡು ಅಂತ ಒಂದು ಸಾಲು ಈಗಲೇ ಸೇರಿಸಿದರೆ, ಮುಂದೆ ಅರ್ಜಿಯಲ್ಲಿ ಬರೆಯಬೇಕಾದ ವಿವರಣೆ ಆರೋಪ ಬರುವ ಮೊದಲೇ ಅಲ್ಲೇ ಇರ್ತದ.